ಅಂಬಾಬಾಯಿಯವರ ಶಿಫಾರಸು

ಮಾಳಮಡ್ಡಿಯ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದ ಗಾರ್ಗಿಗೆ ನಲವತ್ತಾರು ತುಂಬಿತ್ತು. ಹುಬ್ಬಳ್ಳಿಯ ಕಂಪನಿಯೊಂದು ತನ್ನ ಸಿಬ್ಬಂದಿಗೆ ತರಬೇತಿ ಪಾಠಗಳನ್ನು ರೂಪಿಸಬಲ್ಲವರನ್ನು ಹುಡುಕುತ್ತಿತ್ತು. ಅರ್ಜಿಗೆ ಸೋಮವಾರ ಕೊನೆಯ ದಿನ. ಈ ವಯಸ್ಸಿನಲ್ಲಿ ಇನ್ನೊಂದು ಬಾಗಿಲು ತೆರೆದೀತೆಂಬ ಭರವಸೆ ಅವಳಿಗಿರಲಿಲ್ಲ.

ಅಂಥದೇ ಕೆಲಸದಲ್ಲಿದ್ದ ಚಿಕ್ಕಪ್ಪನ ಮಗ ಕೇದಾರ ಶನಿವಾರ ಬಂದು, ಉದ್ಯೋಗದ ಜಾಲತಾಣದಲ್ಲಿದ್ದ ಅವಳ ಲಿಂಕ್ಡ್‌ಇನ್ ಪುಟ ತೆರೆದ.

“ಅಕ್ಕಾ, ಯಾವ್ಯಾವ ಕ್ಲಾಸಿಗೆ ಪಾಠಾ ಮಾಡ್ತೀ ಅಂತ ಬರದೀ. ಅವರಿಗೆ ಅದು ಬ್ಯಾಡ. ನಿನ್ನ ಕಡೆ ಕಲತ ದೊಡ್ಡವ್ರ ಕೆಲಸದಾಗ ಏನ್ ಫರಕಾತು, ಅದನ್ನ ಹೇಳು.”

ಗಾರ್ಗಿ ಯೋಚಿಸಿ ಹೇಳಿದಳು. ನಾಲ್ಕು ವರ್ಷಗಳಲ್ಲಿ ಹದಿನಾಲ್ಕು ಹೊಸ ಶಿಕ್ಷಕರ ತರಗತಿಗಳಲ್ಲಿ ಕೂತು, ಎಲ್ಲಿ ಎಡವುತ್ತಾರೆಂದು ಗುರುತು ಹಾಕಿಕೊಂಡು, ಅದಕ್ಕೆ ತಕ್ಕಂತೆ ಆರು ಪಾಠ ರಚಿಸಿದ್ದಳು. ಮೂರು ತಿಂಗಳ ನಂತರ ಮತ್ತೆ ಹೋಗಿ ಕೂತಾಗ, ಹನ್ನೊಂದು ಮಂದಿ ಪುಸ್ತಕ ಓದಿಸುವುದನ್ನು ಬಿಟ್ಟು ಪ್ರಶ್ನೆ ಕೇಳತೊಡಗಿದ್ದರು.

“ಇದ ನೋಡು ಖರೇ ಮಾಲು!” ಎಂದು ಕೇದಾರ ಅದನ್ನೇ ಮೇಲಕ್ಕೇರಿಸಿದ. ಹೆಸರಿನ ಕೆಳಗಿದ್ದ ‘ವಿಜ್ಞಾನ ಶಿಕ್ಷಕಿ’ ಎಂಬುದು ‘ಶಿಕ್ಷಕರ ತರಬೇತಿ, ಪಾಠ ವಿನ್ಯಾಸ’ ಎಂದಾಯಿತು. ಆರರಲ್ಲಿ ಒಂದು ಪಾಠವನ್ನು ಮಾದರಿಯಾಗಿ ಜೋಡಿಸಿದರು.

ಆಮೇಲೆ ಅವನು ಸಹೋದ್ಯೋಗಿಗಳ ಶಿಫಾರಸುಗಳನ್ನು ಓದಿ ನಕ್ಕುಬಿಟ್ಟ. ಹಿಂದೊಮ್ಮೆ ಅವಳು ಕಾರಣ ಹೇಳದೆ ಕೇಳಿದ್ದಕ್ಕೆ ಎಲ್ಲರೂ ಬೀಳ್ಕೊಡುಗೆಯ ಭಾಷಣದಂತೆ ಬರೆದಿದ್ದರು. ಮುಖ್ಯೋಪಾಧ್ಯಾಯಿನಿ ಅಂಬಾಬಾಯಿಯವರದಂತೂ, ‘ಗಾರ್ಗಿ ಮಕ್ಕಳನ್ನು ಬಿಟ್ಟು ಒಂದು ದಿನವೂ ಇರಲಾರಳು.’

“ಶಾಲು ಒಂದ ಕಡಿಮಿ ಅದ ಅಕ್ಕಾ! ಇದನ್ನ ಓದಿದವ್ರು, ಪಾಪ, ಇವರನ್ನ ಮಕ್ಕಳಿಂದ ಯಾಕ ಅಗಲಸೂಣು ಅಂತಾರ.”

ಅದನ್ನು ಮರೆಮಾಡಬಹುದಿತ್ತು. ಆದರೆ ಆ ಶಿಕ್ಷಕರ ಪಾಠವನ್ನು ತರಬೇತಿಗೆ ಮೊದಲೂ ಆಮೇಲೂ ನೋಡಿದ್ದವರು, ಅವಳನ್ನು ಬಿಟ್ಟರೆ, ಅಂಬಾಬಾಯಿ ಒಬ್ಬರೇ. ಅವರನ್ನೇ ತಿದ್ದಿ ಬರೆಯಲು ಕೇಳಬೇಕು. ಕೇಳಿದರೆ ಶಾಲೆ ಬಿಡುವ ಗುಟ್ಟು ರಟ್ಟಾಗುತ್ತದೆ.

ಭಾನುವಾರ ಅವರ ಮನೆಗೆ ಹೋಗಿ ಕೇಳಿದಳು.

“ಹೋಗಬೇಕಂತ ಮಾಡೀಯೇನವ್ವಾ?”

“ಹೌದ್ರಿ ಅಕ್ಕೋರ.”

ಅಂಬಾಬಾಯಿ ಕನ್ನಡಕ ಹಾಕಿಕೊಂಡರು. “ನೋಡಿದ್ದನ್ನ ಬರೀತೇನಿ. ಖರೇ ಬರಿಯೂದಕ್ಕ ಏನು ಅಂಜಿಕಿ?”

ಸಂಜೆಗೆ ಹೊಸ ಶಿಫಾರಸು ಬಂತು. ಒಂದು ಹೊಗಳಿಕೆಯೂ ಇಲ್ಲ, ಬರೀ ಕಂಡದ್ದು. ಗಾರ್ಗಿ ಅದನ್ನು ಪುಟಕ್ಕೆ ಸೇರಿಸಿ ಅರ್ಜಿ ಕಳಿಸಿದಳು.

ಬುಧವಾರ ಬೆಳಿಗ್ಗೆ ಕಂಪನಿಯಿಂದ ಕರೆ: ಗುರುವಾರ ಹನ್ನೊಂದಕ್ಕೆ ಸಂದರ್ಶನ. ರಜೆಯ ಚೀಟಿ ಹಿಡಿದು ಹೋದಾಗ ಅಂಬಾಬಾಯಿಯವರ ಮೇಜಿನ ಮೇಲೆ ಆಡಳಿತ ಮಂಡಳಿಯ ಆದೇಶವಿತ್ತು. ಈ ವರ್ಷದ ಆರು ಹೊಸ ಶಿಕ್ಷಕರ ತರಬೇತಿ ಗಾರ್ಗಿಯ ಪಾಲಿಗೆ. ಹತ್ತನೇ ತರಗತಿಯ ಪಾಠಗಳು ಎಂದಿನಂತೆ. ಆರಂಭ ಗುರುವಾರ, ಹತ್ತೂವರೆಗೆ.

“ಅದನ್ನ ಬರಿಯೂವಾಗ ನಿನ್ನ ಬೆಲಿ ನನಗ ತಿಳೀತವ್ವಾ,” ಎಂದರು ಅಂಬಾಬಾಯಿ, ನಿಜವಾದ ಸಂತೋಷದಿಂದ. “ಬರದದ್ದನ್ನ ಮಂಡಳಿಯವರಿಗೂ ಓದಿ ಹೇಳಿದೆ. ಒಂದ ಮಾತಿಗೆ ಒಪ್ಪಿದ್ರು.”

ಗಾರ್ಗಿ ಚೀಟಿಯನ್ನು ಅವರ ಮುಂದಿಟ್ಟಳು. ಕಾರಣದ ಜಾಗದಲ್ಲಿ ‘ಸಂದರ್ಶನ’ ಎಂದೇ ಬರೆದಿದ್ದಳು.

ಅಂಬಾಬಾಯಿ ಅದನ್ನು ಎರಡು ಸಲ ಓದಿದರು. “ನಾಳೆ ಆ ಆರು ಮಂದಿ ಬರ್ತಾರಲ್ಲವ್ವಾ,” ಎಂದರು ಮೆತ್ತಗೆ. ಸಹಿಗೆಂದು ಎತ್ತಿಕೊಂಡ ಪೆನ್ನು ಕೈಯಲ್ಲೇ ಇತ್ತು. ಅದರ ಮುಚ್ಚಳ ತೆಗೆಯಲಿಲ್ಲ.

ಗಾರ್ಗಿ ಚೀಟಿಯನ್ನು ಹಿಂತೆಗೆದುಕೊಳ್ಳದೆ ನಿಂತೇ ಇದ್ದಳು.