ಕೊಡದೊಳಗೆ ನಿಂತ ಮಾಲೀಕರು

ಹಿರೇಕೆರೂರಿನ ಪಾತ್ರೆ ಅಂಗಡಿಯವರ ಹಿತ್ತಾಳೆ ಕೊಡದ ಫೋಟೊವನ್ನು ಆನ್‌ಲೈನ್ ಮಾರಾಟದ ತಾಣ ಎರಡು ಸಲ ತಿರಸ್ಕರಿಸಿತ್ತು. ಫೋಟೊ ತಿದ್ದಿಕೊಡುವ ನನಗೆ ಅವರು ಇಮೇಲ್ ಬರೆದರು: “ಅಕ್ಕಾರ, ಹಿಂದಿನ ಗ್ವಾಡಿ, ಕ್ಯಾಲೆಂಡರ್ ತಗದು ಪೂರಾ ಬಿಳಿ ಮಾಡ್ರಿ. ಬುಡದ ನೆರಳು ಇರಲಿ, ಇಲ್ಲಾಂದ್ರ ಕೊಡ ತೇಲಿದಂಗ ಕಾಣ್ತೈತಿ.”

ಹಾಗೇ ಮಾಡಿದೆ. ಆದರೆ ಹುಣಸೆಹಣ್ಣು ಹಚ್ಚಿ ಕನ್ನಡಿಯಂತೆ ತಿಕ್ಕಿದ್ದ ಕೊಡದ ಹೊಟ್ಟೆಯಲ್ಲಿ, ಬನಿಯನ್ ತೊಟ್ಟ ಮಾಲೀಕರು ಮೊಬೈಲ್ ಹಿಡಿದು ನಿಂತೇ ಇದ್ದರು. ‘ನಿಮ್ಮನ್ನೂ ತೆಗೆಯಬೇಕು’ ಎಂದು ಬರೆಯಲು ಸಂಕೋಚವಾಗಿ, ‘ಪ್ರತಿಬಿಂಬವನ್ನೂ ಅಳಿಸಲೇ?’ ಎಂದಷ್ಟೇ ಕೇಳಿದೆ.

ಉತ್ತರ ಅದೇ ವಿಳಾಸದಿಂದ ಬಂತು. ಬರೆದವರು ಮಾತ್ರ ಅವರ ಹೆಂಡತಿ. “ಅಳಸ್ರಿ ಅಕ್ಕಾರ. ಅಂಗಿ ಹಾಕ್ಕೊಂಡು ಫೋಟೊ ಹೊಡೀರಿ ಅಂತ ನಾ ಆವಾಗನ ಹೇಳಿದ್ದೆ.”

ಅಳಿಸಿದೆ. ಮೂರನೆಯ ಸಲ ತಾಣ ಕೊಡವನ್ನು ಒಪ್ಪಿಕೊಂಡಿತು.