ಗುಲ್ನಾಜ್ ಕೊರೆದ ಮುಖ

ಪಾರ್ವತಿನಗರದ ಗುಲ್ನಾಜ್‌ಗೆ ಕೆಲಸ ಬರದವರನ್ನು ಕಂಡರೆ ಮೈಯೆಲ್ಲ ಉರಿ. ಬೋರ್ಡು ಬರೆದು ಪಳಗಿದ ಕೈ ಅವಳದು. ಈಗ ಸ್ಟಿಕರ್ ಕತ್ತರಿಸುವ, ಮರ ಕೊರೆಯುವ ಲೇಸರ್ ಯಂತ್ರ ಇಟ್ಟುಕೊಂಡಿದ್ದಾಳೆ. ಕುರುಗೋಡಿನಿಂದಲೂ ಜನ ಹುಡುಕಿಕೊಂಡು ಬರುತ್ತಾರೆ, ಬಂದವರು ಬೈಸಿಕೊಂಡೇ ಹೋಗುತ್ತಾರೆ.

ಆ ದಿನ ತೆಕ್ಕಲಕೋಟೆಯ ಯಶೋಧರಾ ತೆಳು ಪ್ಲೈವುಡ್ ಹಾಳೆಯೊಂದನ್ನು ತಂದು ಮೇಜಿನ ಮೇಲಿಟ್ಟಳು. ಅವಳ ತೀರಿಹೋದ ತಾಯಿ ಉಚ್ಚೆಂಗೆಮ್ಮನ ಮುಖ, ಸಿರುಗುಪ್ಪದ ಅಂಗಡಿಯೊಂದರಲ್ಲಿ ಕೊರೆಸಿದ್ದು. ಉಚ್ಚೆಂಗೆಮ್ಮ ಕಟ್ಟಿದ ಹೊಲಿಗೆ ಸಂಘದ ಹೊಸ ಕೋಣೆ ನಾಳೆ ಶುರು. ಗೋಡೆಗೆ ಹಾಳೆ ಒತ್ತಿಹಿಡಿದು ಕೊರೆದ ಜಾಗದಲ್ಲಿ ಕಪ್ಪು ಬಣ್ಣ ಸಿಂಪಡಿಸಿದರೆ ಅವ್ವನ ಮುಖ ಮೂಡಬೇಕು. ಆದರೆ ಕಣ್ಣಿದ್ದ ಕಡೆ ಎರಡು ದೊಡ್ಡ ತೂತು.

ಗುಲ್ನಾಜ್ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ನಕ್ಕಳು. "ಸುತ್ತ ಕಪ್ಪೆಲ್ಲಾ ಕೊರದ ಮ್ಯಾಲ ನಡುವ ಕಣ್ಣಿನ ಬಿಳಿ ಏನ್ ಹಿಡ್ಕೊಂಡು ನಿಲ್ಬೇಕ್ರಿ? ಗಾಳೀನಾ? ಅದಕ್ಕ ಉದುರೈತಿ. ಬಟನ್ ಒತ್ಯಾನ, ಕಂಪ್ಯೂಟರ್ ಕೊಟ್ಟಿದ್ದನ್ನ ಕಣ್ಮುಚ್ಚಿ ಕೊರದಾನ. ಥೂ, ಇವನ ಮಾರಿಗಿಷ್ಟು!"

"ಇದ್ದದ್ದು ಇದೊಂದೇ ಫೋಟೊ, ತಂಗಿ," ಎಂದು ಯಶೋಧರಾ ಹಳೆಯ ಚಿತ್ರ ಕೊಟ್ಟಳು.

ಗುಲ್ನಾಜ್ ಗೊಣಗುತ್ತಲೇ ಕೂತಳು. ಬೂದು ನೆರಳನ್ನೆಲ್ಲ ತೆಗೆದು ಬರೀ ಕಪ್ಪು ಬಿಳುಪು ಮಾಡಿದಳು. ಎರಡೂ ಕಣ್ಣುಗಳ ಬಿಳಿಯಿಂದ ಕೆನ್ನೆಗೆ ಸಣ್ಣ ಪಟ್ಟಿಯ ಸೇತುವೆ ಬಿಟ್ಟಳು. ಕಪ್ಪು ಕೂದಲನ್ನು ಪೂರ್ತಿ ಕೊರೆದರೆ ಮುಖವೇ ಜೋತಾಡುತ್ತದೆಂದು ಬೈತಲೆಯನ್ನೂ ಒಂದೆರಡು ಎಳೆಯನ್ನೂ ಹಿಡಿತಕ್ಕೆ ಉಳಿಸಿದಳು. ಸೀರೆಯಂಚಿನ ಮುಳ್ಳುಮುಳ್ಳು ಗೆರೆ ನಯಮಾಡಿದಳು. ಫೋಟೊದ ಮೇಲಿನ ಕೊಳೆ ಚುಕ್ಕೆಗಳನ್ನು ಒಂದೊಂದಾಗಿ ಅಳಿಸಿದಳು. ಕೊರೆದ ಹಾಳೆ ಎತ್ತಿದರೆ ಒಂದು ಚೂರೂ ಉದುರಲಿಲ್ಲ.

"ಕೆಲಸ ಅಂದ್ರ ಇದು ನೋಡ್ರಿ!"

ಯಶೋಧರಾ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಕಣ್ಣು ಬಂದಾವು, ಖರೆ. ಆದ್ರ ಈಕಿ ಯಾರು?"

ಗುಲ್ನಾಜ್‌ಗೆ ರೇಗಿತು. "ಫೋಟೊ ನಿಮ್ದೇ ಅಲ್ರಿ? ಏನ್ ಮಾತಾಡ್ತೀರಿ?"

ಯಶೋಧರಾ ಸಿರುಗುಪ್ಪದ ಹಾಳೆಯನ್ನು ಹೊಸದರ ಪಕ್ಕಕ್ಕಿಟ್ಟು ಅದರ ಗಲ್ಲದ ಮೇಲೆ ಬೆರಳಿಟ್ಟಳು. ಮೂರು ಸಣ್ಣ ತೂತು. "ನಮ್ಮವ್ವನ ಹಚ್ಚಿ. ಸಣ್ಣಾಕಿ ಇದ್ದಾಗ ಹಾಕ್ಸಿದ್ದು."

ಗುಲ್ನಾಜ್ ಫೋಟೊ ದೊಡ್ಡದು ಮಾಡಿದಳು. ಕೊಳೆಯಲ್ಲ. ಒಂದೇ ಅಳತೆಯ ಮೂರು ಹಚ್ಚೆ ಬೊಟ್ಟು, ಗಲ್ಲದ ನಟ್ಟನಡುವೆ. ಏನನ್ನೂ ನೋಡದೆ ಕೊರೆದವನ ಹಾಳೆಯಲ್ಲಿ ಅವು ಉಳಿದಿದ್ದವು. ಕಣ್ಣಿಟ್ಟು ನೋಡಿದವಳು ಅಳಿಸಿದ್ದಳು. ಮೈ ಉರಿಯಿತು, ಈ ಸಲ ತನ್ನ ಮೇಲೆಯೇ. ಸೇತುವೆಯ ಹಂಗೂ ಇಲ್ಲದ ಮೂರು ಸುಲಭದ ತೂತು!

ಮೂರು ಬೊಟ್ಟನ್ನೂ ಸೇರಿಸಿ ಹೊಸ ಹಾಳೆ ಕೊರೆದುಕೊಟ್ಟಳು. ಯಶೋಧರಾ ಅದನ್ನು ತಗೊಂಡು, ಸಿರುಗುಪ್ಪದ್ದನ್ನೂ ಎತ್ತಿಕೊಂಡಳು.

"ಅದ್ಯಾಕ್ರಿ? ಬಿಸಾಕ್ರಿ."

"ಇರಲಿ ಬಿಡು. ಇದ್ರಾಗ ನಮ್ಮವ್ವ ಮೊದಲಿಂದ ಇದ್ಲು."