ಮೊದಲು ನೋಡಿ, ಆಮೇಲೆ ಕುಂಕುಮ

ನೀಲಾಂಬಿಕಾ ಕುಬಸದ ಎಂದರೆ ಹುಬ್ಬಳ್ಳಿಯಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ. ನೀಲಕ್ಕ ಎಂದರೆ ಸಾಕು. ಮುದ್ರಣಾಲಯವೊಂದರಲ್ಲಿ ಕೂತು ಲಗ್ನಪತ್ರಿಕೆಗಳ ಕರಡು ತಿದ್ದುತ್ತಲೇ ಆಕೆಯ ತಲೆ ನೆರೆಯಿತು. ಬೀಗರ ಹೆಸರೊಂದು ತಪ್ಪಿದರೆ ಮದುವೆಮನೆಯಲ್ಲಿ ಏನೇನಾಗುತ್ತದೆ ಎಂದು ಕಂಡವಳು. ಹಾಗಾಗಿ ಏನೇ ಬರೆದರೂ ಓದುವವರ ಮುಖ ಮೊದಲು ನೆನಪಿಗೆ ಬರಬೇಕು, ಆಮೇಲೆ ಅಕ್ಷರ. ಮಂದಿ ಪತ್ರಿಕೆಯನ್ನು ಫೋನಿನಲ್ಲೇ ಕಳಿಸಲು ಶುರುಮಾಡಿದ ಮೇಲೆ ಮುದ್ರಣಾಲಯ ಬಾಗಿಲು ಹಾಕಿತು. ನೀಲಕ್ಕ ಅನುವಾದಕ್ಕೆ ಇಳಿದಳು. ಔಷಧದ ಚೀಟಿ, ಮಿಕ್ಸರ್ ಬಳಸುವ ಪುಸ್ತಿಕೆ, ಸಿಕ್ಕಿದ್ದೆಲ್ಲ ಮಾಡಿದಳು. ಬಿಂಕ ಮಾತ್ರ ಬಿಟ್ಟುಕೊಡಲಿಲ್ಲ.

ಗೋಕುಲ ರಸ್ತೆಯ ವಿನಾಯಕ ಮುನವಳ್ಳಿಯದು ಆನ್‌ಲೈನ್ ಸೀರೆ ಅಂಗಡಿ, ಹೆಸರು ‘ಸೆರಗು’. ಇಳಕಲ್ಲು, ಗುಳೇದಗುಡ್ಡದ ನೇಕಾರರ ಮಾಲು ನಾಡಿನ ತುಂಬ ಹೋಗುತ್ತಿತ್ತು. ಸೀರೆ ವಾಪಸ್ ಮಾಡುವ ನಿಯಮಗಳ ಕನ್ನಡ ಪುಟವೂ ಇತ್ತು. ಅದನ್ನು ಯಂತ್ರದಿಂದ ಮಾಡಿಸಿದ್ದರು. ‘ಮರುಪಾವತಿಯನ್ನು ಮೂಲ ಪಾವತಿ ವಿಧಾನಕ್ಕೆ ಪ್ರಕ್ರಿಯೆಗೊಳಿಸಲಾಗುವುದು’ ಎಂಬಲ್ಲಿಗೆ ಬರುವಷ್ಟರಲ್ಲಿ ಓದುವವರ ಉಸಿರು ಕಟ್ಟುತ್ತಿತ್ತು. ಓದಿದವರೂ ಕೊನೆಗೆ ಫೋನೇ ಮಾಡುತ್ತಿದ್ದರು. ಹೊಸದಾಗಿ ಬರೆಸಲೆಂದು ವಿನಾಯಕ ನೀಲಕ್ಕನನ್ನು ಕರೆಸಿ, ನಿಯಮಗಳ ಇಂಗ್ಲಿಷ್ ಕಾಗದಗಳನ್ನು ಮುಂದಿಟ್ಟ.

“ನೀಲಕ್ಕಾರ, ಇದು ಕಡೇ ಸಲ,” ಎಂದ ವಿನಾಯಕ. “ನೀವು ಬರದ ಮ್ಯಾಲೂ ಮಂದಿ ಹಿಂಗ ಫೋನ್ ಮಾಡಾಕ ಹತ್ತಿದ್ರ ಕನ್ನಡ ಪುಟಾನ ತಗದ ಒಗಿತೀನಿ. ಇಂಗ್ಲಿಷ್ ಒಂದಿದ್ರ ಸಾಕು. ಹೆಂಗೂ ಯಾರೂ ಓದಂಗಿಲ್ಲ.”

ಆ ಕೊನೆಯ ಮಾತು ನೀಲಕ್ಕನಿಗೆ ಚುರ್ರೆಂದಿತು. “ಓದಂಗಿಲ್ಲ ಅಲ್ರಿ, ಓದಾಕ ಬರೂಹಂಗ ಯಾರೂ ಬರದಿಲ್ಲ,” ಎಂದಳು. ಇಂಗ್ಲಿಷ್ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡಳು. ಮನೆಗೆ ಹೋಗುವ ಬದಲು ಫೋನ್ ಎತ್ತುವ ರೇಷ್ಮಾಳ ಪಕ್ಕ ಕುರ್ಚಿ ಎಳೆದು ಕೂತಳು.

ರೇಷ್ಮಾಳಿಗೆ ನಗು. “ಅಕ್ಕಾರ, ಇಲ್ಲಿ ಕುಂತ್ರ ನಿಮಗ ಬೈಗುಳ ಅಷ್ಟ ಸಿಗ್ತಾವ.”

“ಸಿಗಲಿ ಬಿಡವಾ. ಬೈಯುವಾಗ ಮಂದಿ ಚಲೋ ಕನ್ನಡ ಮಾತಾಡ್ತಾರ.”

ಬೈಗುಳದ ಜೊತೆ ಬೇರೆಯದೂ ಸಿಕ್ಕಿತು. ವಾಪಸ್ ಒಯ್ಯಲು ಬಂದ ಹುಡುಗ ರೊಕ್ಕ ಕೊಡಲಿಲ್ಲವೆಂದು ಒಬ್ಬಾಕೆ ಸೀರೆ ಕೊಡದೆ ಕದ ಹಾಕಿಕೊಂಡಿದ್ದಳು. ಹಣ ಬ್ಯಾಂಕಿಗೆ ಬರುತ್ತದೆಂದು ಆಕೆಗೆ ತಿಳಿಯುವಂತೆ ಯಾರೂ ಹೇಳಿರಲಿಲ್ಲ. ಇನ್ನೊಬ್ಬಾಕೆ ಸೀರೆ ಬಂದ ದಿನವೇ ಫಾಲ್ ಹೊಲಿಸಿ, ಈಗ ವಾಪಸ್ ಒಯ್ಯಿರಿ ಎನ್ನುತ್ತಿದ್ದಳು. ಆಮೇಲೆ ಅಣ್ಣಿಗೇರಿಯಿಂದ ಕಸ್ತೂರೆವ್ವನ ಕರೆ ಬಂತು.

“ಯವ್ವಾ, ಸೆರಗಿನ್ಯಾಗ ಎಳಿ ಹರದು ತೂತ ಬಿದ್ದೈತಿ. ಸೊಸಿ ಸೀಮಂತಕ್ಕ ತರಿಸಿದ್ದೆ. ಸೀರಿ ಉಟ್ಟಿಲ್ಲ, ತೊಳದಿಲ್ಲ. ನಿಮ್ಮ ಹುಡುಗ ಬಂದು ನೋಡಿ, ಕಲಿ ಐತಿ ಅಂತ ಬಿಟ್ಟ ಹೋದ.”

“ಏನ್ ಕಲಿ ರೀ ಅಮ್ಮಾರ?”

“ಕಲಿ ಎಲ್ಲಿದವಾ? ಮೂಲ್ಯಾಗ ಒಂದೀಟು ಅರಿಷಿಣ ಕುಂಕುಮ ಹಚ್ಚಿ ದೇವರ ಮುಂದ ಇಟ್ಟಿದ್ದೆ. ಹೊಸಾ ಸೀರಿ ಅಲ್ಲೇನು?”

ಕಲೆಯಾದ ಸೀರೆ ವಾಪಸ್ ಪಡೆಯಲು ಬರುವುದಿಲ್ಲ ಎಂದು ರೇಷ್ಮಾ ತನಗೆ ಕಲಿಸಿದ್ದನ್ನೇ ಹೇಳಿದಳು. ಕಸ್ತೂರೆವ್ವ ಬೈಯಲಿಲ್ಲ. “ಆತ್ ಬಿಡವಾ, ಬಸರಿ ಹೆಣ್ಣಿಗೆ ಹರಕ ಸೀರಿ ಉಡಸಂಗಿಲ್ಲ, ಬ್ಯಾರೆ ನೋಡ್ತೀನಿ,” ಎಂದು ಫೋನ್ ಇಟ್ಟಳು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ನೀಲಕ್ಕನಿಗೆ.

ಮನೆಗೆ ಬಂದವಳೇ ಇಂಗ್ಲಿಷ್ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಕಲೆ, ಹೊಲಿಗೆ, ಕಿತ್ತ ಬೆಲೆಚೀಟಿ ಇದ್ದರೆ ವಾಪಸ್ ಇಲ್ಲ ಎಂಬುದು ಆರಂಭದಲ್ಲೇ ದಪ್ಪಕ್ಷರದಲ್ಲಿತ್ತು. ಕಟ್ಟಕಡೆಯಲ್ಲಿ, ಸಣ್ಣಕ್ಷರದಲ್ಲಿ, ಹರಿದ ಅಥವಾ ಬೇರೆಯದೇ ಮಾಲು ಬಂದಿದ್ದರೆ ಮೇಲಿನ ಷರತ್ತು ಅನ್ವಯಿಸದು ಎಂದಿತ್ತು. ಎಂದರೆ ಕಸ್ತೂರೆವ್ವನ ಸೀರೆಯನ್ನು ಅಂಗಡಿ ತೆಗೆದುಕೊಳ್ಳಲೇಬೇಕು. ಈ ಸಾಲು ಗಿರಾಕಿಗಳಿಗಿರಲಿ, ಅಂಗಡಿಯವರಿಗೇ ಗೊತ್ತಿರಲಿಲ್ಲ.

ಮರುದಿನ ಆಕೆ ಬರೆದು ತಂದದ್ದನ್ನು ನೋಡಿ ವಿನಾಯಕನ ಹುಬ್ಬು ಮೇಲೇರಿತು. ಅದು ಹೀಗಿತ್ತು:

‘ಸೀರೆ ಬಂದ ಕೂಡಲೇ ಪೂರ್ತಿ ಬಿಚ್ಚಿ ಬೆಳಕಿನಲ್ಲಿ ನೋಡಿ. ಮೊದಲು ನೋಡಿ, ಆಮೇಲೆ ಕುಂಕುಮ. ಮನಸ್ಸಿಗೆ ಬರಲಿಲ್ಲವೇ? ಕುಂಕುಮ ಹಚ್ಚದೆ, ಫಾಲ್ ಹೊಲಿಸದೆ, ಚೀಟಿ ಕೀಳದೆ ಏಳು ದಿನದೊಳಗೆ ನಮಗೆ ತಿಳಿಸಿ. ಕುಂಕುಮ ಹಚ್ಚಿದಿರೆಂದರೆ ಸೀರೆ ನಿಮಗೆ ಒಪ್ಪಿಗೆಯಾಯಿತು ಎಂದು ಅರ್ಥ.

ಆದರೆ ಸೀರೆ ಹರಿದಿದ್ದರೆ, ಅಥವಾ ನೀವು ಕೇಳಿದ್ದು ಬಿಟ್ಟು ಬೇರೆ ಬಂದಿದ್ದರೆ ತಪ್ಪು ನಮ್ಮದು. ಕುಂಕುಮ ಹಚ್ಚಿದ್ದರೂ ವಾಪಸ್ ಪಡೆಯುತ್ತೇವೆ. ಏಳು ದಿನದೊಳಗೆ ಫೋಟೋ ಕಳಿಸಿ.

ಒಯ್ಯಲು ಬರುವವರ ಹತ್ತಿರ ಹಣವಿರುವುದಿಲ್ಲ. ಸೀರೆ ಕೊಟ್ಟು, ಫೋನಿಗೆ ಬರುವ ಸಂದೇಶ ಇಟ್ಟುಕೊಳ್ಳಿ. ಸೀರೆ ನಮ್ಮ ಗೋದಾಮು ತಲುಪಿ, ನಾವು ನೋಡಿದ ಮೇಲೆ ಹಣ ಬರುತ್ತದೆ. ಮನೆಯಲ್ಲಿ ನಗದು ಕೊಟ್ಟು ಕೊಂಡಿದ್ದರೆ, ನಿಮ್ಮ ಬ್ಯಾಂಕ್ ಖಾತೆಯ ವಿವರ ತುಂಬಲು ಕೊಂಡಿ ಕಳಿಸುತ್ತೇವೆ. ಓಟಿಪಿ ಯಾರು ಕೇಳಿದರೂ ಕೊಡಬೇಡಿ, ನಾವು ಕೇಳುವುದಿಲ್ಲ.’

“ಅಕ್ಕಾರ, ಇಂಗ್ಲಿಷಿನ್ಯಾಗ ಕುಂಕುಮ ಎಲ್ಲೈತಿ? ನಿಮಗ ಕೊಟ್ಟಿದ್ದು ಅನುವಾದ,” ಎಂದ ವಿನಾಯಕ.

“ಅಲ್ಲಿ ಕಲಿ ಅಂತ ಐತಿ. ಚಹಾ ಚೆಲ್ಲಿದ್ರ ಕಲಿ. ಕುಂಕುಮಕ್ಕ ಯಾವ ಹೆಣ್ಮಗಳು ಕಲಿ ಅಂತಾಳ್ರಿ? ಕಲಿ ಆಗಬಾರದು ಅಂತ ನೀವು ಎಷ್ಟ ಸಲ ಬರದ್ರೂ ಆಕಿ ಓದಿ, ಹೌದು ಅಂದು, ಕುಂಕುಮ ಹಚ್ಚಾಕಿನ.”

“ಈಗಿನ ಕಾಲದಾಗ ಯಾರ್ ಹಚ್ತಾರ್ರಿ?”

“ನಿಮ್ಮ ಅವ್ವಾರಿಗೆ ಒಂದ್ ಫೋನ್ ಹಚ್ಚಿ ಕೇಳ್ರಿ.”

ವಿನಾಯಕ ನಗುತ್ತಲೇ ಫೋನ್ ಮಾಡಿದ. ಸ್ಪೀಕರಿನಿಂದ ಅವನ ತಾಯಿಯ ದನಿ ಖಣಖಣ ಬಂತು: “ಹಚ್ಚಲಾರದ ಹೊಸಾ ಸೀರಿ ಟ್ರೆಜರಿ ಕಪಾಟಿನ್ಯಾಗ ಇಡಾಕ ನಾ ಏನ್ ಹುಚ್ಚಿ ಏನೋ? ಸೀರಿ ಮಾರಿ ಹೊಟ್ಟಿ ಹೊರಕೊಂತಿ, ಇಷ್ಟ ಗೊತ್ತಿಲ್ಲ ನಿನಗ!”

ರೇಷ್ಮಾ ದುಪಟ್ಟಾ ಬಾಯಿಗೆ ಹಿಡಿದುಕೊಂಡಳು. ವಿನಾಯಕ ಆ ಹಾಳೆಯನ್ನು ಮತ್ತೊಮ್ಮೆ ಓದಿದ. ಕಡೆಯ ಸಣ್ಣಕ್ಷರದ ಸಾಲನ್ನೂ ನೀಲಕ್ಕ ತೋರಿಸಿದಳು. “ಇದು ಐತಿ ಅಂತ ನನಗೂ ನೆನಪಿರಲಿಲ್ಲ,” ಎಂದು ಕಿವಿ ತುರಿಸಿಕೊಂಡ. ಅವನು ಕೆಟ್ಟವನಲ್ಲ, ಎಲ್ಲ ಅಂಗಡಿಗಳಂತೆ ತಾನೂ ಒಂದು ಕಾಗದ ಇಟ್ಟುಕೊಂಡಿದ್ದ, ಅಷ್ಟೆ. ವಕೀಲರಿಗೊಮ್ಮೆ ತೋರಿಸಿ ಪುಟ ಹಾಕಿಸಿದ. ರೇಷ್ಮಾ ಕಸ್ತೂರೆವ್ವನಿಗೆ ತಾನಾಗಿಯೇ ಫೋನ್ ಮಾಡಿ, ತಪ್ಪಾಯಿತೆಂದು ಹೇಳಿ, ಫೋಟೋ ತರಿಸಿಕೊಂಡು, ಪುಟದ ಕೊಂಡಿಯನ್ನೂ ಕಳಿಸಿದಳು.

ಆಮೇಲಿನದು ಕಾಯುವ ಕೆಲಸ. ನೀಲಕ್ಕ ಏನಾದರೊಂದು ನೆಪ ತೆಗೆದು ಅಂಗಡಿಗೆ ಬರತೊಡಗಿದಳು. ಕರೆಗಳು ಕಡಿಮೆಯಾಗುತ್ತಿವೆ ಎಂದು ರೇಷ್ಮಾ ಹೇಳಿದರೂ, ವಿನಾಯಕನ ಬಾಯಿಂದ ಪುಟ ಉಳಿಯಿತು ಎಂಬ ಮಾತು ಬಂದಿರಲಿಲ್ಲ. ಒಂದು ಮಧ್ಯಾಹ್ನ ಮೂವರೂ ಗಿರಮಿಟ್ ತಿನ್ನುತ್ತಿದ್ದಾಗ ಅಣ್ಣಿಗೇರಿಯಿಂದ ಕರೆ ಬಂತು. ಎಣ್ಣೆಗೈಯಾದ್ದರಿಂದ ರೇಷ್ಮಾ ಸ್ಪೀಕರ್ ಒತ್ತಿದಳು.

“ಯವ್ವಾ, ಸೀರಿ ಒಯ್ದ್ರು,” ಎಂದಳು ಕಸ್ತೂರೆವ್ವ. “ಅದ ಹುಡುಗ ಬಂದಿದ್ದ. ಮತ್ತ ಕಲಿ ಐತಿ, ಒಯ್ಯಂಗಿಲ್ಲ ಅಂದ. ನಾ ಬಿಡ್ತೀನೇನು? ಫೋನ್ ಹಿಡದು ಓದೇ ತೋರಿಸಿದೆ. ತಪ್ಪು ನಮ್ಮದು, ಕುಂಕುಮ ಹಚ್ಚಿದ್ದರೂ ವಾಪಸ್ ಪಡೆಯುತ್ತೇವೆ, ನೋಡಪಾ, ನಿಮ್ಮ ಅಂಗಡಿಯವರ ಬರದಾರ ಅಂದೆ. ತುಟಿ ಪಿಟಕ್ ಅನಲಾರದ ಒಯ್ದ! ರೊಕ್ಕಾ ಕೇಳಲಿಲ್ಲ ನಾ, ಅವನ ಹಂತ್ಯಾಕ ಇರಂಗಿಲ್ಲಂತ. ಫೋನಿಗೆ ಬಂದದ್ದು ಇಟಗೊಂಡೇನಿ.”

ಗಿರಮಿಟ್ಟಿನ ಕಾಗದ ನೀಲಕ್ಕನ ಕೈಯಲ್ಲೇ ಉಳಿಯಿತು. ಎಷ್ಟೋ ಲಗ್ನಪತ್ರಿಕೆಗಳನ್ನು ಆಕೆ ತಿದ್ದಿದ್ದಳು. ತನ್ನ ಸಾಲನ್ನು ಹಿಡಿದು ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ನಿಂತು ವಾದ ಗೆದ್ದದ್ದನ್ನು ಕೇಳಿದ್ದು ಇದೇ ಮೊದಲು. ಹೆಮ್ಮೆಯನ್ನು ಮುಚ್ಚಿಡುವ ಗೋಜಿಗೂ ಆಕೆ ಹೋಗಲಿಲ್ಲ.

ವಿನಾಯಕ ಆಕೆಯ ಮುಖ ನೋಡಿದ. “ಪುಟ ಇರಲಿ ಬಿಡ್ರಿ, ಅಕ್ಕಾರ,” ಎಂದ. “ಆ ಇಂಗ್ಲಿಷ್ ಪುಟಾನೂ ಒಂದೀಟು ಇದರ ಹಂಗ ಮಾಡಿಸಬೇಕು.”

ಫೋನ್ ಇನ್ನೂ ಮಾತಾಡುತ್ತಲೇ ಇತ್ತು. “ಅದ ಬಣ್ಣದ್ದು ಇನ್ನೊಂದು ಕಳಸ್ರವಾ, ಸೀಮಂತ ಹತ್ರ ಬಂತು. ಈ ಸಲ ಮದಲ ನೋಡ್ತೀನಿ, ಆಮ್ಯಾಲ ಕುಂಕುಮ.”